ಸರ್ವಿಸ್ ಲೈಟ್: ಯಾವಾಗ ಆರಿಸಬೇಕು, ಯಾವಾಗ ಮುಟ್ಟಬಾರದು

ಗಲ್ಫ್‌ನಲ್ಲಿ ಕಂಪನಿಯ ಪಿಕಪ್ಪೋ ವ್ಯಾನೋ ಓಡಿಸುವವರು ಒಂದು ವಿಷಯ ತಿಳಿದಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಬರುವ ಸರ್ವಿಸ್ ಲೈಟ್ ಎಂಜಿನ್ ಆಯಿಲನ್ನು ನೋಡಿ ಬರೋದಲ್ಲ. ಆಯಿಲ್ ಕಪ್ಪಾಗಿದೆಯಾ, ಕಡಿಮೆಯಾಗಿದೆಯಾ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ಬರೀ ಲೆಕ್ಕ ಇಡುತ್ತದೆ.

ಲೆಕ್ಕದಲ್ಲಿ ಎರಡು ರೀತಿ ಇದೆ. ಟೊಯೋಟಾದ ಕೆಲವು ಮಾಡೆಲ್‌ಗಳಲ್ಲಿ ಬರುವ `MAINT REQD` ಲೈಟ್ ಕೊನೆಯ ರಿಸೆಟ್ ಆದಮೇಲೆ ಎಷ್ಟು ದೂರ ಓಡಿತು ಅಂತ ಮಾತ್ರ ಎಣಿಸುತ್ತದೆ. ಷೆವರ್ಲೆ, ಜಿಎಂಸಿ ಗಾಡಿಗಳಲ್ಲಿ `Oil Life` ಅಂತ ಶೇಕಡಾ ಲೆಕ್ಕ ಬರುತ್ತದೆ. ಅದು ಎಂಜಿನ್ ಎಷ್ಟು ತಿರುಗಿತು, ಎಷ್ಟು ಬಿಸಿಯಾಯಿತು ಎಂಬುದನ್ನೂ ಸೇರಿಸಿಕೊಳ್ಳುತ್ತದೆ. ನಮ್ಮವರಿಗೆ ಈ ವ್ಯತ್ಯಾಸ ಮುಖ್ಯ. ಬೇಸಿಗೆಯಲ್ಲಿ ಸೈಟ್ ಮುಂದೆ ಎಸಿ ಹಾಕಿಕೊಂಡು ಗಂಟೆಗಟ್ಟಲೆ ಕಾಯುತ್ತೀರಲ್ಲ, ಆಗ ಕಿಲೋಮೀಟರ್ ಒಂದೂ ಏರುವುದಿಲ್ಲ, ಆದರೆ ಆಯಿಲ್ ಸವೆಯುತ್ತಲೇ ಇರುತ್ತದೆ. ದೂರ ಎಣಿಸುವ ಲೈಟಿಗೆ ಅದು ಕಾಣುವುದೇ ಇಲ್ಲ. ಹಾಗೆ ನಿಂತು ಓಡುವ ಗಾಡಿಗೆ ಲೈಟ್ ಬರುವವರೆಗೂ ಕಾಯದೆ ಮೊದಲೇ ಆಯಿಲ್ ಬದಲಾಯಿಸುವುದು ಒಳ್ಳೇದು.

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದ ಮೇಲೆ ರಿಸೆಟ್ ಮಾಡಲೇಬೇಕು. ಎಷ್ಟೋ ಗ್ಯಾರೇಜ್‌ನವರು ಮರೆತುಬಿಡುತ್ತಾರೆ, ಹಾಗಾಗಿ ಅಲ್ಲೇ ನಿಂತು ನೋಡಿ. ಕೀಲಿ ತಿರುಗಿಸುವ ಟೊಯೋಟಾಗಳಲ್ಲಿ ಹೆಚ್ಚಾಗಿ ಹೀಗೆ: ಮೀಟರಿನಲ್ಲಿ ಟ್ರಿಪ್ A ಬರುವಂತೆ ಮಾಡಿ ಕೀಲಿ ಆಫ್ ಮಾಡಿ. ಟ್ರಿಪ್ ಬಟನ್ ಒತ್ತಿ ಹಿಡಿದುಕೊಂಡೇ ಕೀಲಿಯನ್ನು ಆನ್‌ಗೆ ತನ್ನಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸೊನ್ನೆಗಳು ಬಂದು ಲೈಟ್ ಆರುವವರೆಗೂ ಬಟನ್ ಬಿಡಬೇಡಿ. ಷೆವರ್ಲೆಯ ಅನೇಕ ಮಾಡೆಲ್‌ಗಳಲ್ಲಿ ಎಂಜಿನ್ ಆಫ್, ಕೀಲಿ ಆನ್ ಇಟ್ಟು ಐದು ಸೆಕೆಂಡಿನೊಳಗೆ ಆಕ್ಸಿಲರೇಟರನ್ನು ಪೂರ್ತಿ ಮೂರು ಸಲ ಒತ್ತಿ ಬಿಟ್ಟರೆ ಆಯಿತು. ಮಾಡೆಲ್ ಬದಲಾದರೆ ವಿಧಾನವೂ ಬದಲಾಗುತ್ತದೆ, ಗ್ಲೋವ್ ಬಾಕ್ಸಿನ ಪುಸ್ತಕ ಒಮ್ಮೆ ನೋಡಿ.

ಇನ್ನು ಯಾವಾಗ ಮುಟ್ಟಬಾರದು ಅಂತ ನೋಡೋಣ. ಒಂದು ಉದಾಹರಣೆ. 84,000 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದ್ದಾರೆ, ಮುಂದಿನದು 89,000ಕ್ಕೆ. ಸರಿಯಾಗಿ 89,000ಕ್ಕೆ ಲೈಟ್ ಬಂತು. ಕೆಲಸ ಜಾಸ್ತಿ, ಗಾಡಿ ನಿಲ್ಲಿಸೋಕೆ ಆಗಲ್ಲ ಅಂತ ಒಂದು ಲೀಟರ್ ಆಯಿಲ್ ಮೇಲೆ ಸುರಿದು ಲೈಟ್ ಆರಿಸಿದರು. ಈಗ ಲೈಟ್ ಮತ್ತೆ ಬರೋದು 94,000ಕ್ಕೆ. ಅಷ್ಟರಲ್ಲಿ ಹಳೇ ಆಯಿಲ್ 5,000ದ ಬದಲು 10,000 ಓಡಿರುತ್ತದೆ, ಫಿಲ್ಟರೂ ಅದೇ. ಮಧ್ಯದಲ್ಲಿ ಡ್ರೈವರ್ ಬದಲಾದರೆ ಹೊಸಬನಿಗೆ ಕಾಣೋದು ಲೈಟಿಲ್ಲದ ಡ್ಯಾಶ್‌ಬೋರ್ಡ್ ಮಾತ್ರ. ಎಂಜಿನ್ ಜಾಮ್ ಆದ ದಿನ ಸ್ಟಿಯರಿಂಗ್ ಹಿಡಿದವನು ಅವನೇ, ಮಾತು ಕೇಳೋನೂ ಅವನೇ.

ಹಾಗಾಗಿ ಆಯಿಲ್ ಟಾಪ್-ಅಪ್ ಮಾಡಿದ್ದಕ್ಕೆ, ಬ್ರೇಕ್ ಪ್ಯಾಡೋ ಏರ್ ಫಿಲ್ಟರೋ ಹಾಕಿದ್ದಕ್ಕೆ ಆಯಿಲ್ ಲೆಕ್ಕ ರಿಸೆಟ್ ಮಾಡಬೇಡಿ. ಬೇರೆಯವರ ಕೈಯಿಂದ ಗಾಡಿ ತಗೊಂಡಾಗ ಲೈಟ್ ನಂಬಬೇಡಿ. ಗಾಜಿನ ಮೇಲೋ ಬಾಗಿಲ ಪಕ್ಕದಲ್ಲೋ ಅಂಟಿಸಿರುವ ಆಯಿಲ್ ಸ್ಟಿಕರಿನ ಕಿಲೋಮೀಟರನ್ನು ಮೀಟರಿನ ಜೊತೆ ಹೋಲಿಸಿ. ಸ್ಟಿಕರಿನ ಗಡುವು ದಾಟಿದ್ದರೂ ಲೈಟ್ ಇಲ್ಲ ಅಂದರೆ ಯಾರೋ ಸುಮ್ಮನೆ ಆರಿಸಿರಬಹುದು. ಬಿಲ್ ಕೇಳಿ, ಅದೂ ಇಲ್ಲದಿದ್ದರೆ ಆಯಿಲ್ ಬದಲಾಯಿಸಿ ಅಲ್ಲಿಂದ ಹೊಸ ಲೆಕ್ಕ ಶುರು ಮಾಡುವುದೇ ಸರಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ಕನ್ನೂ ನೋಡಿ. `Oil Life` 60 ತೋರಿಸುತ್ತಿದ್ದರೂ ಕಡ್ಡಿಯಲ್ಲಿ ಆಯಿಲ್ ಕೆಳಗಿನ ಗುರುತಿಗಿಂತ ಕೆಳಗಿರಬಹುದು.

ಕೈತಪ್ಪಿ ರಿಸೆಟ್ ಆದರೆ ಆ ಶೇಕಡಾವನ್ನು ಮರೆತುಬಿಡಿ. ಇಂಥ ಸಂದರ್ಭಕ್ಕೆ ಷೆವರ್ಲೆ ಪುಸ್ತಕಗಳು ಹೇಳುವುದು ಇಷ್ಟೇ: ಹಿಂದಿನ ಸಲ ಆಯಿಲ್ ಬದಲಾಯಿಸಿದ ಜಾಗದಿಂದ 5,000 ಕಿಲೋಮೀಟರಿಗೆ ಬದಲಾಯಿಸಿ. ಗಾಡಿ ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ಆಯಿಲ್ ಕ್ಯಾನಿನ ಆಕಾರದ ಕೆಂಪು ದೀಪ ಬೇರೆಯೇ ಸಂಗತಿ. ಅದು ಆಯಿಲ್ ಪ್ರೆಶರ್ ಇಲ್ಲ ಅಂತ ಹೇಳುತ್ತದೆ. ಅದಕ್ಕೆ ರಿಸೆಟ್ ಇಲ್ಲ. ಪಕ್ಕಕ್ಕೆ ತಗೊಂಡು ಕೂಡಲೇ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡದೆ ಫೋನ್ ಮಾಡಿ.

ಸೂಪರ್‌ವೈಸರ್ "ಲೈಟ್ ಆರಿಸು, ಮುಂದಿನ ತಿಂಗಳು ನೋಡೋಣ" ಅಂದರೆ ಜಗಳ ಬೇಡ. ಲೈಟೂ ಕಿಲೋಮೀಟರೂ ಒಟ್ಟಿಗೆ ಕಾಣುವಂತೆ ಒಂದು ಫೋಟೋ ತೆಗೆದು, "ಸರ್ವಿಸ್ ಬಾಕಿ ಇದೆ, ಯಾವಾಗ ಕಳಿಸಲಿ?" ಅಂತ ಬರೆದು ಅವರ ವಾಟ್ಸಾಪಿಗೆ ಹಾಕಿ. ಆ ಮೆಸೇಜ್ ಅಳಿಸಬೇಡಿ, ಲೈಟನ್ನೂ ಹಾಗೇ ಉರಿಯಲು ಬಿಡಿ.