ಏರು ದಾರಿಯ ಓಟಕ್ಕೆ ಎಷ್ಟು ಆಕ್ಸಿಜನ್? – ಹತ್ತನೆಯ ತರಗತಿಯ ಒಂದು ಪಾಠ

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಉಸಿರಾಟದ ಭಾಗ ಮುಗಿದ ಮೇಲೆ, ಕಟ್ಟಾಯದ ಪ್ರೌಢಶಾಲೆಯಲ್ಲಿ ಎರಡು ಅವಧಿಗಳನ್ನು ಒಂದೇ ಲೆಕ್ಕಕ್ಕೆ ಮೀಸಲಿಟ್ಟೆ. ಓಡುವವನಿಗೆ ನಿಮಿಷಕ್ಕೆ ಎಷ್ಟು ಆಕ್ಸಿಜನ್ ಬೇಕು, ದಾರಿ ಏರಾದರೆ ಅದು ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕ ಅದು. ಇದನ್ನು ನೇರವಾಗಿ ಅಳೆಯಬೇಕಾದರೆ ಮುಖಕ್ಕೆ ಮುಸುಕು ಕಟ್ಟಿ, ಉಸಿರಿನ ಗಾಳಿಯನ್ನು ವಿಶ್ಲೇಷಿಸುವ ಯಂತ್ರ ಬೇಕು. ಯಂತ್ರವಿಲ್ಲದ ಕಡೆ ಅಂದಾಜು ಮಾಡಲು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯ ಸಮೀಕರಣವನ್ನು ಬಳಸುವುದು ರೂಢಿ. ಕಪ್ಪುಹಲಗೆಯ ಮೇಲೆ ಬರೆದದ್ದು ಇಷ್ಟೇ:

VO₂ = 0.2 S + 0.9 S G + 3.5

S ಎಂದರೆ ವೇಗ, ನಿಮಿಷಕ್ಕೆ ಇಷ್ಟು ಮೀಟರ್ ಎಂದು. G ಎಂದರೆ ಏರು, ದಶಮಾಂಶದಲ್ಲಿ. ನೂರು ಮೀಟರಿಗೆ ಐದು ಮೀಟರ್ ಏರಿದರೆ 0.05. ಉತ್ತರ ಬರುವುದು ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಆಕ್ಸಿಜನ್ ಎಂದು. ಕೊನೆಯ 3.5 ಸುಮ್ಮನೆ ಕೂತಿದ್ದರೂ ಬೇಕಾಗುವ ಪಾಲು. ಮೊದಲ ಪದ ಮುಂದಕ್ಕೆ ಓಡುವುದಕ್ಕೆ, ನಡುವಿನದು ಮೇಲಕ್ಕೆ ಏರುವುದಕ್ಕೆ.

ಏರನ್ನು ಮಕ್ಕಳೇ ಅಳೆದರು. ಶಾಲೆಯ ಹಿಂದಿನ ದಾರಿಯಲ್ಲಿ ನೂರು ಮೀಟರ್ ಗುರುತು ಮಾಡಿ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪ್ಲಾಸ್ಟಿಕ್ ಪೈಪನ್ನು ಹತ್ತತ್ತು ಮೀಟರಿಗೆ ಹಿಡಿದು, ಪ್ರತಿ ಸಲ ಎಷ್ಟು ಸೆಂಟಿಮೀಟರ್ ಏರಿತು ಎಂದು ಬರೆದುಕೊಂಡರು. ಹತ್ತು ಅಳತೆಗಳನ್ನು ಕೂಡಿದರೆ ಐದು ಮೀಟರ್ ಬಂತು. ಇಳಿಜಾರಿನ ಉದ್ದವನ್ನು ಅಳೆಯಬೇಕೋ ಅದರ ಸಮತಲ ಉದ್ದವನ್ನೋ ಎಂದು ಒಬ್ಬಳು ಕೇಳಿದಳು. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ ಹದಿಮೂರು ಸೆಂಟಿಮೀಟರ್ ಮಾತ್ರ, ಇಷ್ಟು ಕಡಿಮೆ ಏರಿಗೆ ಲೆಕ್ಕಕ್ಕಿಲ್ಲ.

ಮೊದಲು ಬಯಲಿನ ಲೆಕ್ಕ. ನೂರು ಮೀಟರನ್ನು 40 ಸೆಕೆಂಡಿನಲ್ಲಿ ಓಡಿದರೆ ವೇಗ ನಿಮಿಷಕ್ಕೆ 150 ಮೀಟರ್, ಅಂದರೆ ಗಂಟೆಗೆ 9 ಕಿಲೋಮೀಟರ್. 0.2 × 150 = 30; ಅದಕ್ಕೆ 3.5 ಸೇರಿಸಿದರೆ 33.5. ನಲವತ್ತು ಕಿಲೋ ತೂಗುವ ಹುಡುಗನಿಗೆ ನಿಮಿಷಕ್ಕೆ 1340 ಮಿಲಿಲೀಟರ್. ಅದೇ ವೇಗದಲ್ಲಿ ಏರು ಹತ್ತಿದರೆ 0.9 × 150 × 0.05 = 6.75 ಹೆಚ್ಚಾಗಿ ಒಟ್ಟು 40.25 ಆಗುತ್ತದೆ. ಕಣ್ಣಿಗೆ ಅಷ್ಟೇನೂ ಕಾಣದ ಆ ಏರು ಐದರಲ್ಲಿ ಒಂದು ಪಾಲು ಖರ್ಚು ಹೆಚ್ಚಿಸಿತು.

ತಪ್ಪುಗಳು ಎರಡು ಬಗೆಯವು, ಎರಡೂ ಉತ್ತರದಲ್ಲೇ ಸಿಕ್ಕಿಬೀಳುತ್ತವೆ. ಕೆಲವರು G ಜಾಗದಲ್ಲಿ 5 ಎಂದೇ ಹಾಕಿ 708.5 ತಂದರು. ಲೋಕದ ಅತ್ಯುತ್ತಮ ದೂರ ಓಟಗಾರರು ಬಳಸಬಲ್ಲ ಗರಿಷ್ಠ ಆಕ್ಸಿಜನ್ 70ರಿಂದ 85ರ ಆಸುಪಾಸು ಎಂದು ಹೇಳಿದ ಕೂಡಲೇ ತಾವೇ ಅಳಿಸಿದರು. ಇನ್ನು ಕೆಲವರು ವೇಗಕ್ಕೆ 9 ಎಂದು ಹಾಕಿ ಬಯಲಿನ ಓಟಕ್ಕೆ 5.3 ತಂದರು. ಕೂತವನಿಗೇ 3.5 ಬೇಕು, ಓಡುವವನಿಗೆ 5.3 ಸಾಲುತ್ತದೆಯೇ ಎಂದು ಕೇಳಿದರೆ ಸಾಕಿತ್ತು. ಹೀಗೆ ಉತ್ತರದ ಗಾತ್ರ ನೋಡುವ ಅಭ್ಯಾಸ ಬರಲೆಂದು ನಾನು ಏಕಮಾನಗಳ ಪಟ್ಟಿಯನ್ನು ಮೊದಲೇ ಕೊಡಲಿಲ್ಲ.

ಪಾಠಕ್ಕೆ ತಿರುವು ಕೊಟ್ಟದ್ದು ಹಿಂದಿನ ಬೆಂಚಿನ ಹುಡುಗನೊಬ್ಬನ ಪ್ರಶ್ನೆ. “ಮೇಡಂ, ನಾನು ನೂರು ಮೀಟ್ರು ಹದಿನೈದು ಸೆಕೆಂಡಲ್ಲಿ ಓಡ್ತೀನಿ. ಲೆಕ್ಕ ಹಾಕಿದ್ರೆ ಎಂಬತ್ತಮೂರೂವರೆ ಬರುತ್ತೆ. ಹಾಗಾದ್ರೆ ನಾನು ಅವರ ಸಮಾನಾನಾ?” ಲೆಕ್ಕ ಸರಿಯಾಗಿಯೇ ಇತ್ತು: ನಿಮಿಷಕ್ಕೆ 400 ಮೀಟರ್, 0.2 × 400 = 80, ಜೊತೆಗೆ 3.5. ತರಗತಿ ನಕ್ಕಿತು, ಆದರೆ ಇದು ನಗುವ ಪ್ರಶ್ನೆಯಲ್ಲ. ಸಮೀಕರಣ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದೆಲ್ಲ ಇದರಲ್ಲೇ ಇದೆ.

ಸಂತೆಯ ಮಾತಿನಲ್ಲಿ ಹೇಳಿದೆ: ಸಮೀಕರಣ ತಿಳಿಸುವುದು ಸಾಮಾನಿನ ಬೆಲೆ, ನಿನ್ನ ಜೇಬಿನಲ್ಲಿರುವ ದುಡ್ಡಲ್ಲ. ಆ ವೇಗದ ಓಟವನ್ನು ಪೂರ್ತಿ ಆಕ್ಸಿಜನ್ನಿನಿಂದಲೇ ನಡೆಸುವುದಾದರೆ 83.5 ಬೇಕು ಎಂದಷ್ಟೇ ಅದರ ಅರ್ಥ. ಹದಿನೈದು ಸೆಕೆಂಡಿನ ಓಟದಲ್ಲಿ ಅಷ್ಟು ಆಕ್ಸಿಜನ್ ಸ್ನಾಯುವಿಗೆ ತಲುಪುವುದೇ ಇಲ್ಲ. ಖರ್ಚಿನ ಹೆಚ್ಚಿನ ಪಾಲು ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಶಕ್ತಿಯಿಂದ ಮತ್ತು ಪಾಠದಲ್ಲಿ ಓದಿದ, ಲ್ಯಾಕ್ಟಿಕ್ ಆಮ್ಲ ಉಂಟಾಗುವ ಆಕ್ಸಿಜನ್‌ರಹಿತ ಉಸಿರಾಟದಿಂದ ಬರುತ್ತದೆ. ಅಂದರೆ ಸಾಲ ಮಾಡಿ ಕೊಂಡಂತೆ. ಓಟ ನಿಂತ ಮೇಲೂ ಏದುಸಿರು ಬಿಡುವುದರಲ್ಲಿ ಆ ಸಾಲ ತೀರಿಸುವ ಪಾಲೂ ಇದೆ.

ಸಮೀಕರಣ ಸಲ್ಲುವುದು ಸ್ಥಿರ ಸ್ಥಿತಿಯಲ್ಲಿ: ಒಂದೇ ವೇಗದಲ್ಲಿ ಎರಡು ಮೂರು ನಿಮಿಷ ಓಡಿದ ಮೇಲೆ, ಬಳಕೆ ಮೇಲೇರುವುದು ನಿಂತು ಮಟ್ಟಕ್ಕೆ ಬಂದಾಗ. ಹಾಗೆ ನೋಡಿದರೆ ನಮ್ಮ ನೂರು ಮೀಟರಿನ ಏರೂ ಚಿಕ್ಕದೇ. 40 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ 40.25 ಎಂಬುದನ್ನು ಆ ಏರಿನ ಬೇಡಿಕೆ ಎಂದು ಬರೆಯಿಸಿದೆ, ಹುಡುಗ ಬಳಸಿದ ಆಕ್ಸಿಜನ್ ಎಂದಲ್ಲ. ಬಯಲಿನಲ್ಲಿ ಮೈದಾನವನ್ನು ಸುತ್ತಿ ನಾಲ್ಕು ನಿಮಿಷ ಓಡಿಸಬಹುದಾದ್ದರಿಂದ ಅಲ್ಲಿ 33.5 ಬಳಕೆಯ ಅಂದಾಜೂ ಹೌದು.

ಇದಾದ ಮೇಲೆ ಲೆಕ್ಕವನ್ನು ತಿರುಗಿಸಿದೆವು. ಬಯಲಿನಲ್ಲಿ ಆದಷ್ಟೇ ಖರ್ಚಿನಲ್ಲಿ ಏರು ಹತ್ತಬೇಕಾದರೆ ಎಷ್ಟು ನಿಧಾನಿಸಬೇಕು? 33.5ರಲ್ಲಿ 3.5 ಕಳೆದರೆ 30. S ಅನ್ನು ಹೊರತೆಗೆದರೆ ಆವರಣದೊಳಗೆ ಉಳಿಯುವುದು 0.2 + 0.045, ಅಂದರೆ 0.245. 30 ಅನ್ನು ಅದರಿಂದ ಭಾಗಿಸಿದರೆ 122.4. ನೂರು ಮೀಟರಿಗೆ 40ರ ಬದಲು 49 ಸೆಕೆಂಡು. ಈ ಒಂಬತ್ತು ಸೆಕೆಂಡು ಮಕ್ಕಳಿಗೆ ಹಿಡಿಸಿತು, ಆದರೆ ಇಲ್ಲೊಂದು ಎಚ್ಚರ ಬೇಕು. ಈ ಸಮೀಕರಣವನ್ನು ಸಾಮಾನ್ಯವಾಗಿ ನಿಮಿಷಕ್ಕೆ 134 ಮೀಟರಿಗಿಂತ ಹೆಚ್ಚಿನ ವೇಗಕ್ಕೆ ಹೇಳುತ್ತಾರೆ; ಅದಕ್ಕಿಂತ ಕಡಿಮೆಯಾದರೆ ನಿಜವಾಗಿ ಓಡುತ್ತಿದ್ದರೆ ಮಾತ್ರ, ಅಂದರೆ ಎರಡೂ ಪಾದ ನೆಲ ಬಿಡುವ ಕ್ಷಣ ಇದ್ದರೆ ಮಾತ್ರ ಸಲ್ಲುತ್ತದೆ. ನಡಿಗೆಗೆ ಬೇರೆ ಸಮೀಕರಣವಿದೆ: ಮೊದಲ ಅಂಕಿ 0.1, ಎರಡನೆಯದು 1.8.

ನಡೆದು ಹತ್ತಿದರೆ 1.8, ಓಡಿ ಹತ್ತಿದರೆ ಅದರ ಅರ್ಧ ಹೇಗೆ? ಒಂದು ಕಿಲೋವನ್ನು ಒಂದು ಮೀಟರ್ ಎತ್ತಲು 9.8 ಜೂಲ್ ಕೆಲಸ ಬೇಕು. ಒಂದು ಮಿಲಿಲೀಟರ್ ಆಕ್ಸಿಜನ್ ಸುಮಾರು 20 ಜೂಲ್ ಶಕ್ತಿ ಕೊಡುತ್ತದೆ. 1.8 ಮಿಲಿಲೀಟರಿನಿಂದ 36 ಜೂಲ್, ದಕ್ಷತೆ ಸುಮಾರು ಕಾಲು ಭಾಗ. ಸ್ನಾಯುವಿಗೆ ಇದು ಸಹಜ. 0.9 ಆದರೆ ದಕ್ಷತೆ ಅರ್ಧಕ್ಕಿಂತ ಹೆಚ್ಚಾಗಬೇಕಾಗುತ್ತದೆ, ಅದು ಸ್ನಾಯುವಿಗೆ ಮೀರಿದ್ದು. ಇದಕ್ಕೆ ಕೊಡುವ ವಿವರಣೆ ಹೀಗಿದೆ: ಓಡುವವನು ಬಯಲಿನಲ್ಲೂ ಹೆಜ್ಜೆಹೆಜ್ಜೆಗೆ ದೇಹವನ್ನು ಮೇಲೆ ಚಿಮ್ಮಿಸುತ್ತಲೇ ಇರುತ್ತಾನೆ, ಅದರ ಬೆಲೆ 0.2ರಲ್ಲೇ ಸೇರಿದೆ. ಏರಿನಲ್ಲಿ ಆ ಚಿಮ್ಮುವಿಕೆಯ ಒಂದು ಪಾಲು ಹತ್ತುವುದಕ್ಕೇ ಒದಗುತ್ತದೆ. ಈ ಭಾಗವನ್ನು ತರಗತಿಗೆ ಪೂರ್ತಿ ಹೇಳಲಿಲ್ಲ, ಕೇಳಿದ ಇಬ್ಬರಿಗೆ ಮಾತ್ರ ಹೇಳಿದೆ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಇದನ್ನೇ ಹಾಕಬಹುದೇ ಎಂಬ ಪ್ರಶ್ನೆಯೂ ಬಂತು. ಬರುವುದಿಲ್ಲ, ಮೆಟ್ಟಿಲು ಹತ್ತುವುದಕ್ಕೆ ಮತ್ತೊಂದು ಸಮೀಕರಣವಿದೆ. ಇಳಿಜಾರಿಗೂ ಋಣ ಚಿಹ್ನೆ ಹಾಕಿ ಬಳಸುವಂತಿಲ್ಲ. ಇಳಿಯುವಾಗ ಸ್ನಾಯು ಬ್ರೇಕಿನಂತೆ ದುಡಿಯುತ್ತದೆ, ಆ ಲೆಕ್ಕ ಇದರಲ್ಲಿಲ್ಲ. ಇನ್ನೊಂದು ಮಿತಿ ನಮ್ಮ ತರಗತಿಗೇ ಸಂಬಂಧಿಸಿದ್ದು: ಈ ಅಂಕಿಗಳು ವಯಸ್ಕರವು. ಅದೇ ವೇಗದಲ್ಲಿ ಮಕ್ಕಳು ಪ್ರತಿ ಕಿಲೋಗೆ ಇನ್ನೂ ತುಸು ಹೆಚ್ಚು ಆಕ್ಸಿಜನ್ ಬಳಸುತ್ತಾರೆ, ಆದ್ದರಿಂದ ನಮ್ಮ 33.5 ಅವರ ಮಟ್ಟಿಗೆ ಕಡಿಮೆ ಅಂದಾಜೇ ಇರಬೇಕು.

ಮನೆಗೆಲಸಕ್ಕೆ ಕೊಟ್ಟದ್ದು: ನೂರಕ್ಕೆ ನಾಲ್ಕರ ಏರಿನಲ್ಲಿ ಹತ್ತು ನಿಮಿಷಕ್ಕೆ 1.6 ಕಿಲೋಮೀಟರ್ ಓಟ. ಉತ್ತರ 41.26. ತಿದ್ದುವಾಗ 32, 5.76, 3.5 ಎಂದು ಮೂರು ಪಾಲನ್ನೂ ಬಿಡಿಯಾಗಿ ಬರೆದಿದ್ದಾರೆಯೇ ಎಂದು ನೋಡಿದೆ. 611.5 ಎಂದು ಬಂದ ಪುಸ್ತಕಗಳಿಗೆ ಕೆಂಪು ಗೆರೆ ಎಳೆಯದೆ, ಪಕ್ಕದಲ್ಲಿ ‘ಇಷ್ಟು ಉಸಿರು ಯಾರಿಗಿದೆ?’ ಎಂದು ಬರೆದು ಹಿಂದಿರುಗಿಸಿದೆ.