ಎಲ್ಲ ಜ್ವರಕ್ಕೂ ಒಂದೇ ಮಾತ್ರೆಯೇ?



ಕಳಸದ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದಾಗ ಸದಸ್ಯೆಯೊಬ್ಬರು ಎಂಟನೇ ತರಗತಿಯ ಮಗಳನ್ನೂ ಕರೆದುಕೊಂಡು ಬಂದಿದ್ದರು. ಅವಳು ಶಾಲೆಯ ವಿಜ್ಞಾನ ಸಂಘದಲ್ಲಿ ಐದು ನಿಮಿಷ ಮಾತಾಡಬೇಕಂತೆ. ವಿಷಯ, ಪ್ರತಿ ಜ್ವರಕ್ಕೂ ಆಂಟಿಬಯೋಟಿಕ್ ಯಾಕೆ ತಗೊಳ್ಳಬಾರದು ಅಂತ. "ಸಿಸ್ಟರ್, ನೀವೇ ಬರೆದುಕೊಡಿ" ಎಂದಳು. ಬರೆದುಕೊಡೋದಿಲ್ಲ, ಕೂತು ಒಟ್ಟಿಗೆ ಬರೆಯೋಣ ಎಂದೆ. ಉಳಿತಾಯದ ಲೆಕ್ಕ ಮುಗಿಯುವಷ್ಟರಲ್ಲಿ ಆಗಬಹುದು ಅಂದುಕೊಂಡಿದ್ದೆ. ಆದರೆ ಅಮ್ಮಂದಿರೆಲ್ಲ ನಡುವೆ ಬಾಯಿ ಹಾಕಿ ಸಂಜೆಯಾಯಿತು. ಆ ಭಾಷಣವೇ ಈ ತಿಂಗಳ ಪಾಠ. ಸಭೆಯಲ್ಲಿ ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿ.

"ಪೂಜ್ಯ ಅಧ್ಯಾಪಕರೇ, ಸ್ನೇಹಿತರೇ,

ನಮ್ಮೂರಲ್ಲಿ ಮೈ ಬಿಸಿಯಾದರೆ ಮೆಡಿಕಲ್‌ಗೆ ಹೋಗಿ 'ಜ್ವರಕ್ಕೆ ಮಾತ್ರೆ ಕೊಡಿ' ಅನ್ನುತ್ತೇವೆ. ಕೆಲವೊಮ್ಮೆ ಅದರಲ್ಲಿ ಆಂಟಿಬಯೋಟಿಕ್ ಕೂಡ ಇರುತ್ತದೆ. ಆಂಟಿಬಯೋಟಿಕ್ ಅಂದರೆ ಬ್ಯಾಕ್ಟೀರಿಯಾ ಎಂಬ ರೋಗಾಣುವಿನ ಔಷಧಿ. ವೈರಸ್ ಎಂಬ ಇನ್ನೊಂದು ಜಾತಿಯ ರೋಗಾಣುವಿಗೆ ಅದು ತಾಗುವುದೇ ಇಲ್ಲ. ಯಾಕೆ ಅಂತ ಹೇಳುತ್ತೇನೆ. ಬ್ಯಾಕ್ಟೀರಿಯಾಕ್ಕೆ ತನ್ನದೇ ಮನೆ ಇದೆ, ಸುತ್ತ ಗೋಡೆ ಇದೆ, ಒಳಗೆ ತನ್ನದೇ ಅಡಿಗೆ ಕೋಣೆ ಇದೆ. ಅಮಾಕ್ಸಿಸಿಲಿನ್‌ನಂಥ ಮಾತ್ರೆ ಆ ಗೋಡೆಯನ್ನು ಕೆಡವುತ್ತದೆ. ಅಜಿತ್ರೋಮೈಸಿನ್‌ನಂಥದ್ದು ಅಡಿಗೆ ಕೋಣೆಯ ಕೆಲಸ ನಿಲ್ಲಿಸುತ್ತದೆ. ವೈರಸ್‌ಗೆ ಆ ಗೋಡೆಯೂ ಇಲ್ಲ, ಅಡಿಗೆ ಕೋಣೆಯೂ ಇಲ್ಲ. ಅದು ನಮ್ಮ ಜೀವಕೋಶದ ಒಳಗೇ ಹೊಕ್ಕು ನಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತದೆ. ಇಲ್ಲದ ಗೋಡೆಯನ್ನು ಮಾತ್ರೆ ಹೇಗೆ ಕೆಡವೀತು?

ನಮ್ಮ ಮಲೆನಾಡಿನದೇ ಎರಡು ಜ್ವರ ನೋಡೋಣ. ಒಬ್ಬ ಅಕ್ಕ ಜನವರಿಯಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿನಿಂದ ತರಗೆಲೆ ಗುಡಿಸಿ ತಂದರು ಅಂತಿಟ್ಟುಕೊಳ್ಳಿ. ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು, ಕಣ್ಣು ಕೆಂಪು. ಇದು ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ರೋಗ ಪತ್ತೆಯಾಯಿತು. 2024ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿತು. ಕಾಡಿನ ಉಣುಗು ಕಚ್ಚಿ ಬರುವ ಇದು ವೈರಸ್ ಜ್ವರ. ಯಾವ ಆಂಟಿಬಯೋಟಿಕ್ ನುಂಗಿದರೂ ಈ ವೈರಸ್‌ಗೆ ಏನೂ ಆಗದು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿ, ನೀರಿನಂಶ ಕಾಪಾಡಿ, ರಕ್ತಸ್ರಾವ ಆಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ.

ಅದೇ ಅಕ್ಕ ಜುಲೈನಲ್ಲಿ ಕಾಲು ಒಡೆದಿದ್ದರೂ ಗದ್ದೆ ಕೆಸರಿಗಿಳಿದು ನಾಟಿ ಮಾಡಿದರು. ಒಂದೆರಡು ವಾರಕ್ಕೆ ಮತ್ತೆ ಜ್ವರ, ಮತ್ತೆ ತಲೆನೋವು, ಮತ್ತೆ ಕೆಂಪು ಕಣ್ಣು, ಮೀನಖಂಡ ಮುಟ್ಟಿದರೆ ನೋವು. ಇದು ಇಲಿ ಜ್ವರ ಇರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ, ಚರ್ಮದ ಬಿರುಕಿನ ಮೂಲಕ ಒಳಗೆ ಹೋಗುವ ಬ್ಯಾಕ್ಟೀರಿಯಾ ಅದು. ಇದಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ಬೇಗ. ತಡವಾದರೆ ಕಿಡ್ನಿ, ಲಿವರ್‌ಗೆ ಪೆಟ್ಟು.

ಆದ್ದರಿಂದ ಆಂಟಿಬಯೋಟಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೊದಲ ದಿನ ಎರಡೂ ಜ್ವರ ಒಂದೇ ಥರ ಕಾಣುತ್ತವೆ. ಯಾವುದು ಅಂತ ತಿಳಿಯೋದು ಅಂಗಡಿಯ ಕೌಂಟರಿನಲ್ಲಿ ಅಲ್ಲ, ಡಾಕ್ಟರ ಪರೀಕ್ಷೆಯಲ್ಲಿ.

'ಸುಮ್ಮನೆ ತಗೊಂಡ್ರೆ ನಷ್ಟ ಏನು?' ಅಂತ ಕೇಳಬಹುದು. ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸದಾ ಇರುತ್ತದೆ. ಶೀತದ ಜ್ವರಕ್ಕೆ ನುಂಗಿದ ಮಾತ್ರೆ ಅದರ ಮೇಲೂ ಬೀಳುತ್ತದೆ. ಬಡಪಾಯಿಗಳು ಸಾಯುತ್ತವೆ, ಗಟ್ಟಿಗಳು ಉಳಿದು ಮರಿ ಹಾಕುತ್ತವೆ. ತೋಟಕ್ಕೆ ವರ್ಷ ವರ್ಷ ಒಂದೇ ಕಳೆನಾಶಕ ಹೊಡೆದರೆ ಅದಕ್ಕೆ ಬಗ್ಗದ ಕಳೆ ಮಾತ್ರ ಉಳಿಯುತ್ತದಲ್ಲ, ಹಾಗೆ. ಮುಂದೆ ಅದೇ ಇ. ಕೋಲಿ ಮೂತ್ರನಾಳಕ್ಕೆ ಹೋಗಿ ಉರಿ, ಚಳಿ ಜ್ವರ ತಂದಾಗ ಹಳೇ ಮಾತ್ರೆ ಕೆಲಸ ಮಾಡದೆ ಹೋಗಬಹುದು. ಆಗ ದುಬಾರಿ ಇಂಜೆಕ್ಷನ್ ಬೇಕಾಗುತ್ತದೆ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ವಂದನೆಗಳು."

ಭಾಷಣ ಓದಿ ಮುಗಿಸಿದ ಕೂಡಲೇ ಒಬ್ಬರು ಎದ್ದರು: "ಹಂಗಲ್ಲ ಸಿಸ್ಟರ್, ಹೋದ ಸಲ ಮೂರು ದಿನದ ಮಾತ್ರೆ ತಗೊಂಡೆ, ಜ್ವರ ಬಿಡ್ತಲ್ಲ?" ಬಹಳ ಒಳ್ಳೇ ಪ್ರಶ್ನೆ. ಶೀತ, ಕೆಮ್ಮಿನ ಜೊತೆ ಬರುವ ಸಾಮಾನ್ಯ ವೈರಸ್ ಜ್ವರ ಮೂರರಿಂದ ಐದು ದಿನಕ್ಕೆ ತಾನಾಗಿ ಇಳಿಯುತ್ತದೆ. ನಾವು ಎರಡನೇ ದಿನ ಮಾತ್ರೆ ಶುರು ಮಾಡಿ ನಾಲ್ಕನೇ ದಿನ ಗುಣವಾದರೆ ಹೆಸರು ಮಾತ್ರೆಗೆ ಹೋಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದೇ ಇದು.

ಮಂಗನ ಕಾಯಿಲೆಯಲ್ಲಿ ಈ ತಪ್ಪು ಲೆಕ್ಕ ಅಪಾಯ. ಆ ಜ್ವರ ಸುಮಾರು ಒಂದು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಕಾಡಿ ಇಳಿಯುತ್ತದೆ. ಆದರೆ ನೂರರಲ್ಲಿ 10ರಿಂದ 20 ಮಂದಿಗೆ ಒಂದೆರಡು ವಾರ ಬಿಟ್ಟು ಮರಳಿ ಬರುತ್ತದೆ. ಆಗ ತೀವ್ರ ತಲೆನೋವು, ಕೈ ನಡುಕ, ಮಾತಿನಲ್ಲಿ ಗೊಂದಲ ಇರುತ್ತದೆ. 'ಮಾತ್ರೆಯಿಂದ ವಾಸಿಯಾಯ್ತು' ಅಂತ ನಂಬಿದ ಮನೆಯವರು ಎರಡನೇ ಜ್ವರವನ್ನು ಹೊಸ ಜ್ವರ ಅಂದುಕೊಂಡು ಮತ್ತೆ ಅಂಗಡಿಗೇ ಹೋಗುತ್ತಾರೆ.

ಹಾಗಾದರೆ ಮನೆಯಲ್ಲಿ ಏನು ಮಾಡೋದು ಅಂತ ಕೇಳಿದರು. ಮೈ ಬಿಸಿಗೆ ಪ್ಯಾರಾಸಿಟಮಾಲ್, ಕುಡಿಯಲು ಗಂಜಿ, ನೀರು ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ, ಮಂಗನ ಕಾಯಿಲೆಯಲ್ಲೂ ಡೆಂಗ್ಯೂವಿನಲ್ಲೂ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಬರೀ ಮೂಗು ಸುರಿದು ಕೆಮ್ಮು ಇರುವ ದೊಡ್ಡವರಾದರೆ ಎರಡು ಮೂರು ದಿನ ಕಾಯಬಹುದು. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಿದ್ದರೆ, ಮಳೆಗಾಲದಲ್ಲಿ ಕೆಸರಿಗೆ ಇಳಿದಿದ್ದರೆ ಕಾಯಬೇಡಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಉಸಿರು ಕಟ್ಟುವುದು, ವಸಡಿನಲ್ಲಿ ರಕ್ತ, ಕಣ್ಣು ಹಳದಿ, ಮೂತ್ರ ಕಡಿಮೆಯಾಗುವುದು, ಮಗು ಹಾಲು ಬಿಡುವುದು ಕಂಡರೆ ರಾತ್ರಿಯೇ ಹೊರಡಿ.

ಡಾಕ್ಟರಿಗೆ ಮೂರು ಮಾತು ಬಿಡದೆ ಹೇಳಿ: ಜ್ವರ ಬಂದು ಎಷ್ಟು ದಿನ, ಕಳೆದ ಎರಡು ವಾರ ಎಲ್ಲಿ ಕೆಲಸ ಮಾಡಿದೆ, ಈಗಾಗಲೇ ಯಾವ ಮಾತ್ರೆ ನುಂಗಿದೆ. ಮೂರನೆಯದನ್ನು ಬೈತಾರೆ ಅಂತ ಮುಚ್ಚಿಡುವವರೇ ಹೆಚ್ಚು. ಖಾಲಿ ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿದರೂ ಆಯಿತು. ಡಾಕ್ಟರು ಆಂಟಿಬಯೋಟಿಕ್ ಬರೆದುಕೊಟ್ಟರೆ ಜ್ವರ ಬಿಟ್ಟಿತೆಂದು ನೀವಾಗಿ ನಿಲ್ಲಿಸಬೇಡಿ, ಅವರು ಹೇಳಿದಷ್ಟು ದಿನ ತಗೊಳ್ಳಿ.

ಇಷ್ಟು ಹೇಳುವಾಗ ಹಿಂದೆ ಕೂತಿದ್ದ ಒಬ್ಬರು ಮೆಲ್ಲಗೆ ಪರ್ಸು ತೆರೆದು ನಾಲ್ಕು ಮಾತ್ರೆ ಉಳಿದಿದ್ದ ಪಟ್ಟಿ ತೆಗೆದರು. ಪಕ್ಕದ ಮನೆಯವರ ಮಗುವಿಗೆ ಜ್ವರವಂತೆ, ಅರ್ಧ ಅರ್ಧ ಮಾಡಿ ಕೊಡೋಣ ಅಂತ ಇಟ್ಟುಕೊಂಡಿದ್ದರಂತೆ. ಪಟ್ಟಿ ತಿರುಗಿಸಿ ನೋಡಿದೆವು. ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇತ್ತು, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿಯ ಗುರುತು. ಆ ಗೆರೆಯನ್ನು ಹುಡುಗಿ ಎಲ್ಲರ ಕೈಗೂ ದಾಟಿಸಿ ತೋರಿಸಿದಳು. ಮಗುವನ್ನು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು.