‘ಬೇಜವಾಬ್ದಾರಿ’ ಎಂದರೆ ಆರೋಪವಾಗದು

ಪ್ರಶ್ನೆ: ನೌಕರನಿಗೆ ‘ಬೇಜವಾಬ್ದಾರಿ, ಅವಿಧೇಯತೆ’ ಎಂದು ಆರೋಪಪಟ್ಟಿ ಕೊಟ್ಟೆವು. ‘ಯಾವತ್ತು, ಏನು ಮಾಡಿದೆ?’ ಎಂದು ಕೇಳಿದ್ದಾನೆ. ಈಗೇನು ಮಾಡಲಿ?
– ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ

ಉತ್ತರ: ಅವನು ಕೇಳಿದ್ದು ನ್ಯಾಯವೇ. ಏನೆಂದು ತಿಳಿಯದೆ ಉತ್ತರಿಸುವುದು ಹೇಗೆ? ವಿಚಾರಣೆ ಶುರುವಾಗಿಲ್ಲದಿದ್ದರೆ, ಹೊಸ ಆರೋಪಪಟ್ಟಿ ಕೊಡುವ ಹಕ್ಕು ಕಾಯ್ದಿರಿಸಿ ಹಳೆಯದನ್ನು ಲಿಖಿತವಾಗಿ ಹಿಂಪಡೆಯಿರಿ. ಶುರುವಾಗಿದ್ದರೆ ಮೊದಲು ಕಾರ್ಮಿಕ ಕಾನೂನು ವಕೀಲರನ್ನು ಕಾಣಿ.

ಹೊಸದರಲ್ಲಿ ಒಂದು ಘಟನೆಗೆ ಒಂದು ಸಂಖ್ಯೆ ಹಾಕಿ. ‘ಆರೋಪ 1: 12ರಂದು ರಾತ್ರಿ 11ಕ್ಕೆ ಅನುಮತಿಯಿಲ್ಲದೆ ಯಂತ್ರ ಬಿಟ್ಟು ಹೋಗಿದ್ದೀರಿ ಎನ್ನಲಾಗಿದೆ. ಆರೋಪ 2: ಮರಳಿದಾಗ ಮೇಲ್ವಿಚಾರಕರನ್ನು ಬೈದಿದ್ದೀರಿ ಎನ್ನಲಾಗಿದೆ.’ ಬೈದ ಮಾತನ್ನು ಇದ್ದ ಹಾಗೆಯೇ ಬರೆಯಿರಿ, ಸಂಕೋಚ ಬೇಡ. ಎರಡನ್ನೂ ಬೆರೆಸಿದರೆ, ಬೈಗುಳ ಸಾಬೀತಾಗದಾಗ ಯಂತ್ರದ ವಿಷಯವೂ ಗೋಜಲಾಗುತ್ತದೆ. ಪ್ರತಿಯೊಂದರ ಕೆಳಗೆ ಸ್ಥಾಯಿ ಆದೇಶದ ಕಲಂ, ಸಾಕ್ಷಿ, ದಾಖಲೆ ನಮೂದಿಸಿ. ‘ತಪ್ಪಿತಸ್ಥರು’ ಎಂದು ಮಾತ್ರ ಬರೆಯಬೇಡಿ; ಅದು ವಿಚಾರಣೆಯ ನಂತರದ ಮಾತು.